ಕೊಯಮತ್ತೂರಿನ ಬಿಲ್, ಹೊಸೂರಿಗೆ ಮಾಲು: ಯಾವ ತೆರಿಗೆ ಹಾಕಬೇಕಿತ್ತು?

ಪ್ರಶ್ನೆ (ಪಾತ್ರೆ-ಗ್ರೈಂಡರ್ ವ್ಯಾಪಾರಿ, ದಾವಣಗೆರೆ): ಮೇಡಂ, ನಮಸ್ಕಾರ. ಹೊಸೂರಿನ ಒಂದು ಹೋಟೆಲಿನವರು 10 ದೊಡ್ಡ ಗ್ರೈಂಡರ್ ಕೇಳಿದ್ದರು. ನಾನು ಕೊಯಮತ್ತೂರಿನವರಿಗೆ ಆರ್ಡರ್ ಕೊಟ್ಟು, ಮಾಲು ನೇರ ಹೊಸೂರಿಗೇ ಕಳಿಸಿ ಅಂದೆ. ಬಿಲ್ ನನ್ನ ಹೆಸರಿಗೆ ಬಂದಿದೆ, ನಂಬರ್ ಸರಿ ಇದೆ. ಬೆಲೆ 2,00,000. ಸಿಜಿಎಸ್‌ಟಿ 18,000, ಎಸ್‌ಜಿಎಸ್‌ಟಿ 18,000. ಬಿಲ್ ತಾರೀಕು 6, ಇವತ್ತು 19. ದುಡ್ಡು ಇನ್ನೂ ಕೊಟ್ಟಿಲ್ಲ. ಸರಿ ಇದೆಯಾ?

ಮೇಡಂ (ಜಿಎಸ್‌ಟಿ ಪ್ರಾಕ್ಟೀಷನರ್): ಸರಿ ಇಲ್ಲ. ದುಡ್ಡು ಕೊಡಬೇಡಿ, ಮೊದಲು ಬಿಲ್ಲಿನ ಫೋಟೋ ಹಾಕಿ. "ಪ್ಲೇಸ್ ಆಫ್ ಸಪ್ಲೈ" ಅಂತ ಇರುವ ಸಾಲು ಕಾಣಬೇಕು.

ದಾವಣಗೆರೆ: ಹಾಕಿದ್ದೀನಿ. ಅಲ್ಲಿ "ತಮಿಳುನಾಡು (33)" ಅಂತಿದೆ.

ಅಕೌಂಟೆಂಟ್, ತುಮಕೂರು: ಸರಿಯಾಗೇ ಇದೆಯಲ್ಲ ಮೇಡಂ. ಮಾಲು ಕೊಯಮತ್ತೂರಿಂದ ಹೊರಟು ಹೊಸೂರಿನಲ್ಲಿ ಇಳಿದಿದೆ. ತಮಿಳುನಾಡಿನ ಗಡಿ ದಾಟಿಲ್ಲ. ಮಾಲು ಎಲ್ಲಿ ಇಳಿಯುತ್ತೋ ಅದೇ ಪ್ಲೇಸ್ ಆಫ್ ಸಪ್ಲೈ. ನಾನು ಹತ್ತು ವರ್ಷದಿಂದ ಬಿಲ್ ನೋಡ್ತಿದ್ದೀನಿ.

ಮೇಡಂ: ನೀವು ಹೇಳಿದ್ದು ಮಾಮೂಲಿ ಬಿಲ್ಲಿಗೆ ಸರಿ. ಕೊಂಡವರೂ ಇಳಿಸಿಕೊಂಡವರೂ ಒಬ್ಬರೇ ಆದಾಗ ಮಾಲು ಎಲ್ಲಿ ನಿಲ್ಲುತ್ತೋ ಅದೇ ಲೆಕ್ಕ. ಇಲ್ಲಿ ಕೊಂಡವರು ದಾವಣಗೆರೆಯವರು, ಇಳಿಸಿಕೊಂಡವರು ಹೊಸೂರಿನ ಹೋಟೆಲು. ಐಜಿಎಸ್‌ಟಿ ಕಾಯ್ದೆಯ 10(1)(ಬಿ) ಓದಿ. ಒಬ್ಬರು ಹೇಳಿದ ಮಾತಿಗೆ ಮಾಲು ಇನ್ನೊಬ್ಬರ ಮನೆಗೆ ಹೋದರೆ, ಹೇಳಿದವರಿಗೇ ಮಾಲು ತಲುಪಿತು ಅಂತ ಕಾಯ್ದೆ ಎಣಿಸುತ್ತದೆ. ಹೇಳಿದವರ ಮುಖ್ಯ ವ್ಯವಹಾರದ ಊರೇ ಪ್ಲೇಸ್ ಆಫ್ ಸಪ್ಲೈ. ಅಂದರೆ ಕರ್ನಾಟಕ, ಕೋಡ್ 29. ಲಾರಿ ಎತ್ತ ಹೋಯಿತು ಅನ್ನೋದು ಇಲ್ಲಿ ಬೇಕಿಲ್ಲ. ಮಾರಾಟ ಒಂದೇ ರಾಜ್ಯದೊಳಗೆ ಆದರೆ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ, ರಾಜ್ಯ ದಾಟಿದರೆ ಐಜಿಎಸ್‌ಟಿ.

ದಾವಣಗೆರೆಯವರೇ, ಇದರಲ್ಲಿ ಎರಡು ಮಾರಾಟ ಇದೆ. ಎರಡನ್ನೂ ಬೇರೆ ಬೇರೆ ಇಟ್ಟು ನೋಡಿ. ಕೊಯಮತ್ತೂರಿನವರು ನಿಮಗೆ ಮಾರಿದ್ದು ಒಂದು: 33ರಿಂದ 29ಕ್ಕೆ, ಐಜಿಎಸ್‌ಟಿ 36,000. ನೀವು ಹೋಟೆಲಿಗೆ ಮಾರಿದ್ದು ಇನ್ನೊಂದು: 29ರಿಂದ 33ಕ್ಕೆ, ಅದಕ್ಕೂ ಐಜಿಎಸ್‌ಟಿ. ಹೋಟೆಲಿಗೆ ಎಷ್ಟಕ್ಕೆ ಬಿಲ್ ಮಾಡಿದಿರಿ?

ದಾವಣಗೆರೆ: 2,40,000. ಇನ್ನೂ ಕಳಿಸಿಲ್ಲ, ಬರೆದಿಟ್ಟಿದ್ದೀನಿ. ಸಿಜಿಎಸ್‌ಟಿ-ಎಸ್‌ಜಿಎಸ್‌ಟಿನೇ ಹಾಕಿದ್ದೆ 😐

ಮೇಡಂ: ಅದನ್ನು ಹರಿದು ಹಾಕಿ. ಹೋಟೆಲಿನವರ ಬಿಲ್ಲಿಗೆ ಐಜಿಎಸ್‌ಟಿ 43,200. ಕೊಯಮತ್ತೂರಿನ 36,000 ನಿಮಗೆ ಕ್ರೆಡಿಟ್ ಸಿಕ್ಕರೆ ನೀವು ಕೈಯಿಂದ ಕಟ್ಟೋದು 7,200. ಈಗಿನ ಬಿಲ್ ಹಾಗೇ ಉಳಿದರೆ ಪೂರ್ತಿ 43,200 ನಿಮ್ಮ ಜೇಬಿಂದ. ಏಕೆಂದರೆ ತಮಿಳುನಾಡಿನ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಕರ್ನಾಟಕದ ನಂಬರಿನವರಿಗೆ ಕ್ರೆಡಿಟ್ ಆಗೋದಿಲ್ಲ. ಮುಂದಿನ ತಿಂಗಳು 14ಕ್ಕೆ ನಿಮ್ಮ ಖರೀದಿ ಬಿಲ್ಲುಗಳ ಪಟ್ಟಿ, ಜಿಎಸ್‌ಟಿಆರ್-2ಬಿ, ಬಂದಾಗ ಈ ಬಿಲ್ ಕಾಣುತ್ತದೆ, ಆದರೆ "ಐಟಿಸಿ ಸಿಗದು", ಅಂದರೆ ಕ್ರೆಡಿಟ್ ಸಿಗದು, ಅನ್ನೋ ಭಾಗದಲ್ಲಿ. ಬಿಲ್ ಕಂಡಿತಲ್ಲ ಅಂತ ತುಂಬ ಜನ ಅಲ್ಲೇ ನೆಮ್ಮದಿಯಾಗಿಬಿಡ್ತಾರೆ. ಅಷ್ಟು ಹೊತ್ತಿಗೆ ಕೊಯಮತ್ತೂರಿನವರು ರಿಟರ್ನ್ ಹಾಕಿ ಮುಗಿಸಿರುತ್ತಾರೆ.

ಆದ್ದರಿಂದ ಇವತ್ತೇ ಫೋನ್ ಮಾಡಿ. ಅದು ಇ-ಇನ್ವಾಯ್ಸ್ ಆಗಿದ್ದರೆ 24 ಗಂಟೆಯೊಳಗೆ ರದ್ದು ಮಾಡಬಹುದಿತ್ತು, ಆ ಹೊತ್ತು ಕಳೆದಿದೆ. ಈಗ ಅವರು ಆ ಬಿಲ್ಲಿಗೆ ಕ್ರೆಡಿಟ್ ನೋಟ್ ಕೊಟ್ಟು, ಹೊಸ ಬಿಲ್ ಮಾಡಬೇಕು. ಹೊಸದರಲ್ಲಿ ಬಿಲ್-ಟು ನೀವು, ಶಿಪ್-ಟು ಹೊಸೂರು, ಪ್ಲೇಸ್ ಆಫ್ ಸಪ್ಲೈ ಕರ್ನಾಟಕ. ತಿಂಗಳ ರಿಟರ್ನ್ ಹಾಕುವವರಾದರೆ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11ರವರೆಗೆ ಟೈಮಿದೆ. ಈಗಲೇ ಮಾಡಿದರೆ ಅವರಿಗೂ ಒಂದು ರೂಪಾಯಿ ನಷ್ಟ ಇಲ್ಲ.

ದಾವಣಗೆರೆ: ಅವರಿಗೆ ಫೋನ್ ಮಾಡಿದೆ. "ನಮ್ಮ ಸಾಫ್ಟ್‌ವೇರ್ ಶಿಪ್-ಟು ನೋಡಿ ತಾನೇ ಹಾಕುತ್ತೆ, ಟ್ಯಾಕ್ಸ್ ಕಟ್ಟಾಯ್ತು" ಅಂತಾರೆ.

ಮೇಡಂ: 19ನೇ ತಾರೀಕಿಗೇ ಈ ತಿಂಗಳ ಟ್ಯಾಕ್ಸ್ ಯಾರೂ ಕಟ್ಟಿರೋದಿಲ್ಲ. ನಿಜವಾಗಿ ಕಟ್ಟಿದ್ದರೂ ದಾರಿ ಇದೆ. ಐಜಿಎಸ್‌ಟಿ ಹೊಸದಾಗಿ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 77ರಲ್ಲಿ ವಾಪಸ್ ಕೇಳಬಹುದು. ಬಡ್ಡಿ ಬೀಳೋದಿಲ್ಲ. ಸರಿಯಾದ ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಹೀಗೆ ಹೇಳಿ ನೋಡಿ, ದನಿ ಬದಲಾಗುತ್ತದೆ.

ಟೈಲ್ಸ್ ಅಂಗಡಿ, ಹುಬ್ಬಳ್ಳಿ: ಮೇಡಂ, ನಾನು ಚೆನ್ನೈ ಲಾಡ್ಜ್‌ನಲ್ಲಿ ಇಳಿದಿದ್ದೆ. ನಮ್ಮ ಕರ್ನಾಟಕದ ನಂಬರ್ ಕೊಟ್ಟರೂ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಿದ್ದಾರೆ. ಇದೂ ತಪ್ಪೇ ಅಲ್ವಾ?

ಮೇಡಂ: ಇಲ್ಲ, ಸರಿ ಇದೆ. ರೂಮಿಗೆ ಕಟ್ಟಡ ಇರುವ ಊರೇ ಪ್ಲೇಸ್ ಆಫ್ ಸಪ್ಲೈ.

ಬೀಜ-ಗೊಬ್ಬರ, ಹಾವೇರಿ: ನನ್ನದೂ ಅದೇ, ಗೋವಾ ಲಾಡ್ಜ್. ಐಜಿಎಸ್‌ಟಿ ಮಾಡಿಸಬಹುದಾ?

ಮೇಡಂ: ಮೇಲೆ ನೋಡಿ.

ಪ್ರಿಂಟಿಂಗ್ ಪ್ರೆಸ್, ಮೈಸೂರು: ಹೈದರಾಬಾದ್ ಹೋಟೆಲ್ ರೂಮಿನ ಬಿಲ್...

ಮೇಡಂ: ಮೇಲೆ. ನೋಡಿ.

ಕಿರಾಣಿ, ಚನ್ನಗಿರಿ: ಫಾರ್ವರ್ಡ್: "ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಇದ್ದು 14ನೆಯದು ಝಡ್ ಆಗಿದ್ದರೆ ಬಿಲ್ ಅಸಲಿ. 12% ಹಾಕಿದ್ದರೆ ನಕಲಿ, ಎಲ್ಲರಿಗೂ ಹಂಚಿ 🙏🙏"

ಮೇಡಂ: ಹಂಚಬೇಡಿ. ಇದು ಈ ವಾರ ನಾಲ್ಕನೇ ಸಲ. ಬೇರೆಯವರ ನಂಬರ್ ಕದ್ದು ಬಿಲ್ ಮೇಲೆ ಅಚ್ಚು ಹಾಕಿದರೆ ಅದರಲ್ಲೂ ಝಡ್ ಇರುತ್ತದೆ. `gst.gov.in` ತೆರೆದು `Search Taxpayer`ನಲ್ಲಿ ನಂಬರ್ ಹಾಕಿ. ಬರುವ ಹೆಸರು ಬಿಲ್ಲಿನ ಹೆಸರೇನಾ, ನೋಂದಣಿ ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ನೋಡಿ. "ಕಂಪೋಸಿಷನ್" ಅಂತ ಇದ್ದರೆ ಅವರು ನಿಮ್ಮಿಂದ ತೆರಿಗೆ ವಸೂಲಿ ಮಾಡುವ ಹಾಗೇ ಇಲ್ಲ. ಹೋದ ವರ್ಷ ಒಬ್ಬರು ಬಿಲ್ ತಂದಿದ್ದರು. ಬಿಲ್ ಮೇಲೆ ಪೇಂಟ್ ಅಂಗಡಿ, ಪೋರ್ಟಲ್‌ನಲ್ಲಿ ಅದೇ ನಂಬರಿಗೆ ಕೋಳಿ ಆಹಾರದವರು. ಅಕ್ಷರ ಎಣಿಸಿದರೆ ಹದಿನೈದೂ ಸರಿ ಇತ್ತು.

12% ವಿಷಯ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಮಾಲಿಗೆ 12 ಮತ್ತು 28 ಹೋಗಿ 5, 18 ಬಂದಿದೆ. ಸಿಮೆಂಟ್ 28 ಇದ್ದದ್ದು 18. ಆದರೆ ಇಟ್ಟಿಗೆಗೆ ಹಳೆಯ 12 ಇನ್ನೂ ಉಂಟು. 12 ಕಂಡ ತಕ್ಷಣ ನಕಲಿ ಅಂತ ಕೂಗಿದರೆ ಭಟ್ಟಿಯವರು ನಗ್ತಾರೆ.

ಟೈಲ್ಸ್ ಅಂಗಡಿ, ಹುಬ್ಬಳ್ಳಿ: ದಾವಣಗೆರೆ ಅಣ್ಣ, 36,000 ಮುರಿದುಕೊಂಡು ಉಳಿದದ್ದು ಕೊಡಿ. ತಾವೇ ಓಡಿ ಬರ್ತಾರೆ.

ಅಕೌಂಟೆಂಟ್, ತುಮಕೂರು: ಹಾಗೆಲ್ಲ ಮಾಡಿದ್ರೆ ನಾಳೆ ಮಾಲು ಕೊಡೋರು ಯಾರ್ರೀ? ಜೊತೆಗೆ 180 ದಿನದೊಳಗೆ ಬಿಲ್ಲಿನ ಪೂರ್ತಿ ದುಡ್ಡು ಕೊಡದಿದ್ದರೆ ತಗೊಂಡ ಕ್ರೆಡಿಟ್ಟೂ ವಾಪಸ್ ಹೋಗುತ್ತೆ.

ಹುಬ್ಬಳ್ಳಿ: ಹತ್ತು ವರ್ಷ ಬಿಲ್ ನೋಡಿದೋರು ಮೊದಲು ಪ್ಲೇಸ್ ಆಫ್ ಸಪ್ಲೈ ಸರಿಯಾಗಿ ಹೇಳಿ ಸಾರ್.

ತುಮಕೂರು: ಲಾಡ್ಜ್ ಬಿಲ್ಲಿಗೆ ಐಜಿಎಸ್‌ಟಿ ಕೇಳಿದೋರು ನನಗೆ ಪಾಠ ಹೇಳ್ತಾರೆ.

ಟೈಲರಿಂಗ್ ಮೆಟೀರಿಯಲ್ಸ್, ಗದಗ: ನಾನೇ ವ್ಯಾನ್ ತಗೊಂಡು ತಿರುಪ್ಪೂರಿಗೆ ಹೋಗಿ ಬಟ್ಟೆ ತರ್ತೀನಿ. ಅವರು ಕೌಂಟರಿನಲ್ಲಿ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಿ ಕೊಡ್ತಾರೆ. ಇದು?

ಮೇಡಂ: ಮಾಲನ್ನು ಮಾರಿದವರು ಸಾಗಿಸಲಿ, ಕೊಂಡವರು ಸಾಗಿಸಲಿ, ಸಾಗಾಟ ಮುಗಿಯುವ ಊರೇ ಲೆಕ್ಕ ಅಂತ ಕಾಯ್ದೆಯಲ್ಲಿದೆ. ನಿಮ್ಮ ನಂಬರ್ ಹಾಕಿಸಿ ಐಜಿಎಸ್‌ಟಿ ಕೇಳಿ ಅಂತ ನಾನು ಹೇಳ್ತೀನಿ.

ತುಮಕೂರು: ಕೌಂಟರಿನಲ್ಲಿ ಕೈಗೆ ಕೊಟ್ಟ ಮೇಲೆ ಮಾರಾಟ ಅಲ್ಲೇ ಮುಗೀತು ಮೇಡಂ. ತಿರುಪ್ಪೂರಿನವರು ಒಪ್ಪೋದಿಲ್ಲ.

ಮೇಡಂ: ಒಪ್ಪದವರು ಇದ್ದಾರೆ, ಗೊತ್ತು. ಹಾಗಂತ ಗದಗದವರಿಗೆ ಕ್ರೆಡಿಟ್ ಬರುತ್ತದಾ? ಬರೋದಿಲ್ಲ.

ತುಮಕೂರು: ಅದು ಬೇರೆ ವಿಷಯ.

ಮೇಡಂ: ಗದಗದವರಿಗೆ ಅದೇ ವಿಷಯ.

ಟ್ಯೂಷನ್ ಮಾಸ್ತರು, ಶಿರಸಿ: ನಮ್ಮಂಥವರಿಗೆ ನಂಬರ್ ಬೇಕಾ ಮೇಡಂ?

ಪ್ರಿಂಟಿಂಗ್ ಪ್ರೆಸ್, ಮೈಸೂರು: ಮೇಡಂ, ಹೋಟೆಲ್ ರೂಮಿನ ಬಿಲ್ಲಿಗೆ ನನಗಿನ್ನೂ ಉತ್ತರ ಸಿಕ್ಕಿಲ್ಲ.

ದಾವಣಗೆರೆ: ಮೇಡಂ, ಕೊಯಮತ್ತೂರಿನವರ ಅಕೌಂಟ್ಸ್ ಹುಡುಗ ಈಗ ಫೋನ್ ಮಾಡಿದ್ದ. ಕ್ರೆಡಿಟ್ ನೋಟ್ ಕಳಿಸಿದ್ದಾನೆ, ಹೊಸ ಬಿಲ್ಲೂ ಬಂತು. ಐಜಿಎಸ್‌ಟಿ 36,000 ಇದೆ. ಪ್ಲೇಸ್ ಆಫ್ ಸಪ್ಲೈ 29 ಇದೆ. ಆದರೆ ನನ್ನ ಅಂಗಡಿಯ ಹೆಸರಿನಲ್ಲಿ ಈ ಸಲ ಒಂದು ಅಕ್ಷರ ತಪ್ಪಾಗಿದೆ.

ಮೇಡಂ: ಬಿಲ್ ಎಷ್ಟು ಹೊತ್ತಿಗೆ ಆಗಿದೆ ನೋಡಿ. 24 ಗಂಟೆ ಆಗಿಲ್ಲವಲ್ಲ? ಈಗಲೇ ರದ್ದು ಮಾಡಿಸಿ.