ಅಪ್‌ಡೇಟ್: ಕಂಬಳಿ ಮೂಲೆಯ ವಾಯ್ಸ್‌ಓವರ್

ನಾನು ಕೇಳಿದ್ದು: "ಅಕ್ಕಿರೊಟ್ಟಿ ವಿಡಿಯೋಗೆ ಫೋನಲ್ಲೇ ದನಿ ಕೊಟ್ಟರೆ ಬಾವಿಯೊಳಗಿಂದ ಮಾತಾಡಿದ ಹಾಗಿದೆ, ಚಿತ್ರಕ್ಕೂ ಹೊಂದುತ್ತಿಲ್ಲ. ಏನು ಮಾಡಲಿ?"

ಅಂತೂ ಸರಿಹೋಯ್ತು! ಮೂಲೆಯ ಎರಡೂ ಗೋಡೆಗೆ ಕಂಬಳಿ ಹಾಕಿದರೂ ಗುಂಯ್‌ಗುಡುವುದು ಪೂರ್ತಿ ಹೋಗಿರಲಿಲ್ಲ. ಬೆನ್ನ ಹಿಂದೆ ಹಗ್ಗ ಕಟ್ಟಿ ಇನ್ನೊಂದು ಕಂಬಳಿ ಇಳಿಬಿಡಿ ಅಂದವರಿಗೆ ನಮಸ್ಕಾರ, ಗೆದ್ದದ್ದು ಅದೇ. ನಾಯ್ಸ್ ತೆಗೆಯುವ ಆ್ಯಪ್ ಮಾತ್ರ ದನಿಯನ್ನೇ ನೀರಲ್ಲಿ ಅದ್ದಿದಂತೆ ಮಾಡಿತು. ಕಂಬಳಿ ಬೀದಿಯ ಸದ್ದನ್ನು ತಡೆಯಲ್ಲ ಅಂತಲೂ ಗೊತ್ತಾಯ್ತು. ಫ್ಯಾನ್ ಆರಿಸಿ ರಾತ್ರಿ 11ಕ್ಕೆ ಕೂತೆ. ಬೆವರಿದ್ದು ಬೇರೆ ಕತೆ.

ಇನ್ನು ಚಿತ್ರಕ್ಕೆ ಹೊಂದಿಸಿದ್ದು: ಇನ್ನೊಂದು ಫೋನಲ್ಲಿ ವಿಡಿಯೋ ಮ್ಯೂಟ್ ಮಾಡಿ ಓಡಿಸಿ, ರೊಟ್ಟಿ ಕಾವಲಿಗೆ ಬೀಳುವಾಗ ಚಪ್ಪಾಳೆ ತಟ್ಟಿದೆ. ಎಡಿಟ್ ಮಾಡುವಾಗ ದನಿಯ ಪಟ್ಟಿಯಲ್ಲಿ ಚಪ್ಪಾಳೆಯಿಂದ ಎದ್ದ ಚೂಪು ಗೆರೆಯನ್ನು ಅದೇ ಫ್ರೇಮಿಗೆ ಕೂರಿಸಿದೆ. ಪೂರ್ತಿ 4 ನಿಮಿಷ ಒಂದೇ ಸಲ ಓದಿದರೆ ಹಿಂದೆಮುಂದೆ ಆಗುತ್ತಿತ್ತು. ದೃಶ್ಯಕ್ಕೊಂದು ತುಣುಕು ಮಾಡಿದ ಮೇಲೆ ತಪ್ಪಿತು.