ಕಣಕಾಲಿನ ಒಂದೇ ಜಾಗದಲ್ಲಿ ನೋವು, ಎಕ್ಸ್-ರೇ ಮಾತ್ರ ಸರಿಯಾಗಿದೆ

ಕೇಳಿದವರು: ಸಪ್ತಾಪುರ, ಧಾರವಾಡದ ಅಭ್ಯರ್ಥಿ
ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯ 1600 ಮೀಟರ್ ಓಟಕ್ಕೆ ತಯಾರಿ ನಡೆಸಿದ್ದೇನೆ. ಓಟ ಹೆಚ್ಚಿಸಿ ಸುಮಾರು ಒಂದು ತಿಂಗಳಾದಾಗ ಬಲ ಕಣಕಾಲಿನ ಒಳಬದಿಯ ಎಲುಬು ನೋಯಲು ಶುರುವಾಯಿತು. ಎಕ್ಸ್-ರೇ ತೆಗೆಸಿದೆ, ಏನೂ ಇಲ್ಲ ಎಂದರು. ಇದು ಓಟದ ಸಾಮಾನ್ಯ ನೋವೋ, ಎಲುಬಿನ ತೊಂದರೆಯೋ? ಓಡುತ್ತಲೇ ಇರಬಹುದೇ? ಅನುಭವ ಇದ್ದವರು ತಿಳಿಸಿ.

ಗದಗದ ಹವ್ಯಾಸಿ ಓಟಗಾರ
ತಮ್ಮಾ, ಹೊಸದಾಗಿ ಓಡುವವರಲ್ಲಿ ಹತ್ತರಲ್ಲಿ ಎಂಟು ಮಂದಿಗೆ ಈ ನೋವು ಬಂದೇ ಬರುತ್ತದೆ ಎಂಬುದು ನಾನು ಕಂಡ ಮಾತು. ಭೀಷ್ಮ ಕೆರೆಯ ಸುತ್ತ ಬೆಳಿಗ್ಗೆ ಓಡುವ ನಮ್ಮ ಗುಂಪಿನಲ್ಲಿ ಈ ನೋವು ಅನುಭವಿಸದವರು ಕಡಿಮೆ. ಎಕ್ಸ್-ರೇಯಲ್ಲಿ ಏನೂ ಕಾಣದಿದ್ದರೆ ಎಲುಬು ಮುರಿದಿಲ್ಲ ಎಂದೇ ಅರ್ಥ. ಡಾಂಬರು ರಸ್ತೆ ಬಿಟ್ಟು ಮಣ್ಣಿನ ನೆಲದ ಮೇಲೆ ಓಡಿರಿ, ಸವೆದ ಬೂಟು ಬದಲಿಸಿರಿ, ಸಂಜೆ ಮಂಜುಗಡ್ಡೆ ಇಡಿರಿ, ದೂರವನ್ನು ಅರ್ಧಕ್ಕೆ ಇಳಿಸಿರಿ. ಅಷ್ಟರಲ್ಲಿಯೇ ನಮ್ಮಲ್ಲಿ ಬಹಳಷ್ಟು ಮಂದಿಗೆ ವಾಸಿಯಾಗಿದೆ. ಪೂರ್ತಿ ನಿಲ್ಲಿಸಿದರೆ ಉಸಿರಿನ ಪಳಗಿಕೆ ಹೋಗುತ್ತದೆ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್
ಮೇಲಿನ ಉತ್ತರದಲ್ಲಿ ಒಂದು ಮಾತು ಸರಿ, ಒಂದು ಮಾತು ಅಪಾಯಕಾರಿ. ಕಣಕಾಲಿನ ನೋವುಗಳಲ್ಲಿ ಹೆಚ್ಚಿನವು ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ಎಲುಬಿನಲ್ಲಿ ಮೂಡುವ ಬಿರುಕು, ಅಲ್ಲ ಎಂಬುದು ನಿಜ. ಆದರೆ ಎಕ್ಸ್-ರೇ ಸರಿಯಾಗಿದೆ ಎಂದ ಮಾತ್ರಕ್ಕೆ ಎಲುಬು ಸರಿಯಾಗಿದೆ ಎನ್ನಲು ಬರುವುದಿಲ್ಲ. ಈ ಬಿರುಕು ಕೂದಲಿಗಿಂತ ಸಣ್ಣದಾಗಿರುತ್ತದೆ. ಎಕ್ಸ್-ರೇಯಲ್ಲಿ ನಮಗೆ ಸಾಮಾನ್ಯವಾಗಿ ಕಾಣುವುದು ಆ ಬಿರುಕಲ್ಲ, ಅದನ್ನು ಮುಚ್ಚಲು ಎಲುಬಿನ ಮೇಲೆ ಬೆಳೆಯುವ ಹೊಸ ಪದರ. ಆ ಪದರ ಕಾಣುವಷ್ಟು ದಪ್ಪವಾಗಲು ನೋವು ಆರಂಭವಾದ ಮೇಲೆ ಎರಡು ಮೂರು ವಾರವಾದರೂ ಬೇಕು, ಕೆಲವರಲ್ಲಿ ಅದು ಎಕ್ಸ್-ರೇಯಲ್ಲಿ ಕೊನೆಯವರೆಗೂ ಕಾಣಿಸುವುದಿಲ್ಲ.

ಓಟ ಹೆಚ್ಚಿಸಿ ಒಂದು ತಿಂಗಳಿಗೆ ನೋವು ಬಂತು ಎಂಬ ನಿಮ್ಮ ವಿವರವೇ ನನಗೆ ಮುಖ್ಯವಾಗಿ ಕಾಣುತ್ತದೆ. ಭಾರ ಹೆಚ್ಚಾದಾಗ ಎಲುಬು ತನ್ನನ್ನು ತಾನು ಬಲಪಡಿಸಿಕೊಳ್ಳುತ್ತದೆ, ಆದರೆ ಅದಕ್ಕೆ ಮೊದಲು ಹಳೆಯ ಭಾಗವನ್ನು ಕೆರೆದು ತೆಗೆಯುತ್ತದೆ. ತೆಗೆಯುವ ಕೆಲಸ ಕೆಲವು ವಾರಗಳಲ್ಲಿ ಮುಗಿದರೆ ತುಂಬುವ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ. ದುರಸ್ತಿಗೆಂದು ಅಗೆದ ರಸ್ತೆಯ ಮೇಲೆ ಅದೇ ವಾರ ಲಾರಿಗಳನ್ನು ಬಿಟ್ಟರೆ ಏನಾಗುತ್ತದೆಯೋ, ಮೂರು ನಾಲ್ಕನೆಯ ವಾರದಲ್ಲಿ ಅದೇ ವೇಗದಿಂದ ಓಡಿದರೆ ಎಲುಬಿಗೂ ಅದೇ ಆಗುತ್ತದೆ.

ಈಗ ಒಂದು ಕೆಲಸ ಮಾಡಿರಿ. ಕುರ್ಚಿಯ ಮೇಲೆ ಕುಳಿತು ಎಡಗಾಲಿನ ಮೇಲೆ ಬಲಗಾಲನ್ನು ಅಡ್ಡ ಹಾಕಿರಿ. ಕಣಕಾಲಿನ ಒಳಬದಿಯಲ್ಲಿ ಎಲುಬಿನ ಅಂಚು ಕೈಗೆ ಸಿಗುತ್ತದೆ. ಪಾದದ ಗಂಟಿನಿಂದ ಮೇಲಕ್ಕೆ ಆ ಅಂಚನ್ನು ಒಂದೇ ಬೆರಳಿನ ತುದಿಯಿಂದ ಬೆರಳಗಲ ಬೆರಳಗಲವಾಗಿ ಒತ್ತುತ್ತಾ ಹೋಗಿರಿ. ಐದು ಸೆಂಟಿಮೀಟರ್‌ಗಿಂತ ಹೆಚ್ಚು ಉದ್ದಕ್ಕೆ ಮಂದವಾಗಿ ನೋಯುತ್ತಿದ್ದರೆ ಸಾಮಾನ್ಯವಾಗಿ ಅದು ಎಲುಬಿನ ಅಂಚಿನ ಉರಿಯೂತ, ಓಟಗಾರರು ಶಿನ್ ಸ್ಪ್ಲಿಂಟ್ ಎನ್ನುವುದು ಅದನ್ನೇ. ಎಲ್ಲಾ ಕಡೆ ಒತ್ತಿದರೂ ನೋಯದೆ, ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬೆರಳು ಬಂದ ಕೂಡಲೇ ಕಾಲು ಹಿಂದಕ್ಕೆ ಎಳೆದುಕೊಳ್ಳುವಷ್ಟು ನೋವಾದರೆ ಎಲುಬಿನ ಮೇಲೆಯೇ ಅನುಮಾನ ಪಡಬೇಕು. ನೋವು ಓಟದ ಯಾವ ಹೊತ್ತಿನಲ್ಲಿ ಬರುತ್ತದೆ, ರಾತ್ರಿ ಇರುತ್ತದೆಯೇ ಎಂಬುದನ್ನೂ ತಿಳಿಸಿರಿ. ಒಂಟಿ ಕಾಲಿನ ಮೇಲೆ ಜಿಗಿದು ನೋಡುವ ಪರೀಕ್ಷೆಯನ್ನು ಮಾತ್ರ ಮನೆಯಲ್ಲಿ ಮಾಡಬೇಡಿರಿ.

ಹಾವೇರಿಯ ಶಿಕ್ಷಕರು
ನನಗೂ ಇದೇ ತೊಂದರೆ ಇತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟೊಡನೆ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದ ಹಾಗಾಗುತ್ತಿತ್ತು, ಸ್ವಲ್ಪ ನಡೆದ ಮೇಲೆ ಕಡಿಮೆಯಾಗುತ್ತಿತ್ತು. ಮೆತ್ತನೆಯ ಚಪ್ಪಲಿ ಹಾಕಿಕೊಂಡು, ಪಾದದ ಕೆಳಗೆ ಬಾಟಲಿ ಉರುಳಿಸುವ ವ್ಯಾಯಾಮ ಮಾಡಿದೆ, ಆರಾಮವಾಯಿತು. ಎಂಆರ್‌ಐ, ಗಿಂಆರ್‌ಐ ಏನೂ ಬೇಕಾಗಲಿಲ್ಲ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್
ಗುರುಗಳೇ, ನಿಮ್ಮದು ಅಂಗಾಲಿನ ಪಟ್ಟಿಯ ನೋವು, ಕೇಳಿದವರದು ಕಣಕಾಲಿನದು. ಆದರೂ ನೀವು ಹೇಳಿದ ಒಂದು ಲಕ್ಷಣ ಇಲ್ಲಿ ಉಪಯೋಗಕ್ಕೆ ಬರುತ್ತದೆ: ನಡೆದಂತೆ ಕಡಿಮೆಯಾಗುವ ನೋವು ಬೇರೆ, ನಡೆದಂತೆ ಹೆಚ್ಚಾಗುವ ನೋವು ಬೇರೆ. ಹೊಸ ವ್ಯಾಯಾಮದ ಮರುದಿನ ಮೀನಖಂಡ, ತೊಡೆ ಹಿಡಿದುಕೊಳ್ಳುವುದು ಎರಡೂ ಕಾಲುಗಳಲ್ಲಿ ಇರುತ್ತದೆ, ಮಾಂಸದಲ್ಲಿ ಇರುತ್ತದೆ, ಮೈ ಬಿಸಿಯಾದ ಮೇಲೆ ಸಡಿಲಾಗುತ್ತದೆ, ಮೂರು ನಾಲ್ಕು ದಿನದಲ್ಲಿ ತಾನಾಗಿ ಹೋಗುತ್ತದೆ. ಎಲುಬಿನ ನೋವು ಹೀಗೆ ನಡೆದುಕೊಳ್ಳುವುದಿಲ್ಲ.

ಕೇಳಿದವರು
ಒತ್ತಿ ನೋಡಿದೆ. ಪಾದದ ಗಂಟಿನಿಂದ ಒಂದು ಗೇಣು ಮೇಲೆ, ಒಳ ಅಂಚಿನಲ್ಲಿ, ಹೆಬ್ಬೆರಳಿನಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ ಮಾತ್ರ ನೋವು, ಅಲ್ಲಿ ಸ್ವಲ್ಪ ಉಬ್ಬಿದಂತೆಯೂ ಕೈಗೆ ಸಿಗುತ್ತದೆ. ಎಡಗಾಲಿನಲ್ಲಿ ಏನೂ ಇಲ್ಲ. ಮೊದಲು ಓಟದ ಕೊನೆಯ ಸುತ್ತಿನಲ್ಲಿ ಬರುತ್ತಿತ್ತು, ಆಮೇಲೆ ಎರಡನೆಯ ಸುತ್ತಿಗೇ ಬರತೊಡಗಿತು, ಈಗ ವಿಶ್ವವಿದ್ಯಾಲಯದ ಇಳಿಜಾರಿನಲ್ಲಿ ನಡೆದು ಬರುವಾಗಲೂ ಇದೆ. ರಾತ್ರಿ ಮಲಗಿದಾಗ ಮಿಡಿಯುತ್ತದೆ. ನೋವಿನ ಗುಳಿಗೆ ತೆಗೆದುಕೊಂಡರೆ ಓಡಲು ಆಗುತ್ತದೆ. ಎಕ್ಸ್-ರೇ ತೆಗೆಸಿದ್ದು ನೋವು ಬಂದ ಮೊದಲನೆಯ ವಾರದಲ್ಲಿ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್
ಹಾಗಾದರೆ ಇಂದಿನಿಂದಲೇ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಮತ್ತೊಮ್ಮೆ ಕಾಣಿರಿ. ಓಟದ ಕೊನೆಗೆ ಬರುತ್ತಿದ್ದ ನೋವು ಮೊದಲಿಗೆ ಬಂದು, ಅಲ್ಲಿಂದ ನಡಿಗೆಗೆ, ನಡಿಗೆಯಿಂದ ಹಾಸಿಗೆಗೆ ಬಂದಿದೆ ಎಂದರೆ ಬಿರುಕು ಬೆಳೆಯುತ್ತಿದೆ ಎಂದೇ ತಿಳಿಯಬೇಕು. ಗುಳಿಗೆ ನುಂಗಿ ಓಡುವುದಂತೂ ಬೇಡವೇ ಬೇಡ. ಅದು ನೋವನ್ನು ಅಡಗಿಸುತ್ತದೆಯೇ ಹೊರತು ಎಲುಬಿನ ಮೇಲಿನ ಭಾರವನ್ನಲ್ಲ. ಮೊದಲ ವಾರದ ಎಕ್ಸ್-ರೇಯಿಂದ ಏನನ್ನೂ ತೀರ್ಮಾನಿಸಲಾಗದು ಎಂಬುದನ್ನು ವೈದ್ಯರಿಗೆ ನೆನಪಿಸಿ, ಎಂಆರ್‌ಐ ಬಗ್ಗೆ ಕೇಳಿರಿ. ಬಿರುಕಿನ ಗೆರೆ ಮೂಡುವ ಮೊದಲೇ ಎಲುಬಿನ ಒಳಗೆ ನೀರು ತುಂಬಿಕೊಂಡಿರುವುದನ್ನು ಅದು ತೋರಿಸುತ್ತದೆ.

ಗದಗದ ಹವ್ಯಾಸಿ ಓಟಗಾರ
ಎಕ್ಸ್-ರೇ ವಿಷಯ ನನಗೆ ಹೊಸದು, ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ. ಎಂಆರ್‌ಐಯಲ್ಲಿ ಏನೇ ಬಂದರೂ ವಿಶ್ರಾಂತಿ ತೆಗೆದುಕೊಳ್ಳಿರಿ ಎಂದೇ ಹೇಳುತ್ತಾರಲ್ಲವೇ? ಕೋಣೆ ಬಾಡಿಗೆ ಕಟ್ಟಿ ತಯಾರಿ ನಡೆಸುವ ಹುಡುಗ ಅಷ್ಟು ಸಾವಿರ ಏಕೆ ಖರ್ಚು ಮಾಡಬೇಕು? ಆ ದುಡ್ಡಿನಲ್ಲಿ ಎರಡು ತಿಂಗಳು ಹಾಲು, ಮೊಟ್ಟೆ ತಿನ್ನಲಿ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್
ಪ್ರಶ್ನೆ ನ್ಯಾಯವಾದದ್ದೇ. ಕಣಕಾಲಿನ ಒಳ ಅಂಚಿನ ಬಿರುಕು ಸಾಮಾನ್ಯವಾಗಿ ಚೆನ್ನಾಗಿ ಕೂಡಿಕೊಳ್ಳುತ್ತದೆ, ಆದ್ದರಿಂದ ಲಕ್ಷಣಗಳು ಇಷ್ಟು ಸ್ಪಷ್ಟವಾಗಿದ್ದಾಗ ಕೆಲವು ವೈದ್ಯರು ಸ್ಕ್ಯಾನ್ ಇಲ್ಲದೆ ವಿಶ್ರಾಂತಿ ಕೊಟ್ಟು, ಮೂರು ವಾರದ ಮೇಲೆ ಮತ್ತೊಂದು ಎಕ್ಸ್-ರೇ ತೆಗೆಸಿ ನೋಡುತ್ತಾರೆ. ನಾನು ಅದನ್ನು ತಪ್ಪೆನ್ನುವುದಿಲ್ಲ. ಆದರೆ ಎಷ್ಟು ವಾರ ಬಿಡಬೇಕು ಎಂಬುದು ಗಾಯದ ಆಳವನ್ನು ಅವಲಂಬಿಸಿರುತ್ತದೆ: ಎಲುಬಿನ ಮೇಲ್ಪದರದಲ್ಲಷ್ಟೇ ಬಾವು ಇದ್ದರೆ ಕೆಲವೇ ವಾರ ಸಾಕಾಗಬಹುದು, ಗೆರೆ ಮೂಡಿದ್ದರೆ ಮೂರು ತಿಂಗಳೂ ಹಿಡಿಯಬಹುದು. ಪರೀಕ್ಷೆಯ ದಿನಾಂಕ ಎದುರಿಗಿರುವವನಿಗೆ ಈ ವ್ಯತ್ಯಾಸ ದೊಡ್ಡದು. ಇನ್ನು ನೋವು ಕಣಕಾಲಿನ ಮುಂಭಾಗದ ಅಂಚಿನಲ್ಲಿ, ಪಾದದ ಮೇಲ್ಭಾಗದ ನಡುವಿನಲ್ಲಿ ಅಥವಾ ತೊಡೆಸಂದಿನಲ್ಲಿ ಇದ್ದರೆ ಸ್ಕ್ಯಾನ್ ಬಿಡಲೇಬಾರದು. ಆ ಜಾಗಗಳ ಬಿರುಕು ಕೂಡಿಕೊಳ್ಳುವುದು ಕಷ್ಟ.

ಧಾರವಾಡದ ದೈಹಿಕ ಶಿಕ್ಷಣ ಶಿಕ್ಷಕಿ
ತೊಡೆಸಂದು ಎಂದಿದ್ದರಿಂದ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ದೂರದ ಓಟ ಓಡುತ್ತಿದ್ದಾಗ ನನಗೆ ಎಡ ತೊಡೆಸಂದಿನಲ್ಲಿ ಬೆರಳಿಟ್ಟು ತೋರಿಸಲಾಗದಂಥ ಆಳದ ನೋವು ಬಂತು. ಒತ್ತಿದರೆ ಎಲ್ಲಿಯೂ ಸಿಗುತ್ತಿರಲಿಲ್ಲ, ಆದ್ದರಿಂದ ಸುತ್ತಲಿದ್ದವರೆಲ್ಲರೂ ಸ್ನಾಯು ಎಳೆದಿದೆ ಎಂದರು. ಕಾಲನ್ನು ಒಳಕ್ಕೆ ತಿರುಗಿಸಿದರೆ ಮಾತ್ರ ಜೀವ ಹೋದಂತಾಗುತ್ತಿತ್ತು. ಎಂಆರ್‌ಐಯಲ್ಲಿ, ಸೊಂಟದ ಕೀಲಿನ ಬಳಿ ಇರುವ ತೊಡೆ ಎಲುಬಿನ ಕುತ್ತಿಗೆಯಲ್ಲಿ ಬಿರುಕು ಕಂಡಿತು. ಅಂದೇ ಊರುಗೋಲು ಕೊಟ್ಟು, ಆ ಕಾಲನ್ನು ನೆಲಕ್ಕೆ ಊರಬಾರದು ಎಂದರು. ಅದು ಪೂರ್ತಿ ಮುರಿದು ಸರಿದರೆ ಎಲುಬಿನ ತಲೆಗೆ ರಕ್ತ ಹೋಗುವುದು ನಿಂತು ಕೀಲೇ ಹಾಳಾಗಬಹುದು ಎಂಬುದನ್ನು ವೈದ್ಯರು ಚಿತ್ರ ಬರೆದು ತಿಳಿಸಿದರು. ಬಿರುಕು ಕುತ್ತಿಗೆಯ ಕೆಳಬದಿಯಲ್ಲಿದ್ದುದರಿಂದ ನನಗೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಮೇಲ್ಬದಿಯಲ್ಲಿದ್ದರೆ ಸ್ಕ್ರೂ ಹಾಕಬೇಕಾಗುತ್ತಿತ್ತು ಎಂದರು.

ಆ ವೈದ್ಯರು ಕೇಳಿದ ಮೊದಲ ಪ್ರಶ್ನೆ ಮುಟ್ಟು ಸರಿಯಾಗಿ ಬರುತ್ತಿದೆಯೇ ಎಂಬುದು. ಬರುತ್ತಿರಲಿಲ್ಲ, ತೂಕ ಇಳಿಸಲು ಊಟ ಬಿಟ್ಟಿದ್ದೆ. ನನ್ನ ಬಳಿ ತರಬೇತಿಗೆ ಬರುವ ಹುಡುಗಿಯರನ್ನು ಈಗ ನಾನೂ ಅದನ್ನೇ ಮೊದಲು ಕೇಳುತ್ತೇನೆ. ಓಟಕ್ಕೆ ತಕ್ಕ ಊಟವಿಲ್ಲದಿದ್ದರೆ ಮುಟ್ಟು ನಿಲ್ಲುವುದಷ್ಟೇ ಅಲ್ಲ, ಎಲುಬೂ ಸೊರಗುತ್ತದೆ. ಊಟದ ಈ ಮಾತು ಹುಡುಗರಿಗೂ ಅನ್ವಯಿಸುತ್ತದೆ. ತಮ್ಮಾ, ಮೆಸ್ಸಿನ ಎರಡು ಹೊತ್ತಿನ ಊಟದ ಮೇಲೆ ದಿನಕ್ಕೆ ಎರಡು ಬಾರಿ ಓಡುತ್ತಿದ್ದೀರಾ?

ಕೇಳಿದವರು
ಹೌದು ಅಕ್ಕಾ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಸಂಜೆ ಮತ್ತೊಮ್ಮೆ. ಮನೆಯವರು ಹಣ ಕಳುಹಿಸಿದ್ದರಿಂದ ಎಂಆರ್‌ಐ ಮಾಡಿಸಿದೆ. ಎಲುಬಿನ ಒಳಗೆ ಬಾವು ಇದೆ, ಗೆರೆ ಇಲ್ಲ ಎಂದು ವರದಿ ಬಂದಿದೆ. ವಿಟಮಿನ್ ಡಿ ಕೂಡ ಕಡಿಮೆ ಇದೆ. ವೈದ್ಯರು ಆರರಿಂದ ಎಂಟು ವಾರ ಓಡಬಾರದು ಎಂದಿದ್ದಾರೆ, ಪ್ಲಾಸ್ಟರ್ ಹಾಕಲಿಲ್ಲ. ನನ್ನ ದೈಹಿಕ ಪರೀಕ್ಷೆ ಅಷ್ಟರೊಳಗೆ ಬಂದರೆ ಏನು ಮಾಡಲಿ? ನೋವು ಹೋದ ಕೂಡಲೇ ಓಡಬಹುದೇ?

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್
ನೋವು ಮೊದಲು ಹೋಗುತ್ತದೆ, ಎಲುಬು ಆಮೇಲೆ ಕೂಡುತ್ತದೆ. ಎರಡನೆಯ ಬಾರಿ ಬಿರುಕು ಬಿಡುವವರು ಹೆಚ್ಚಾಗಿ ಈ ನಡುವಿನ ಕಾಲದಲ್ಲಿಯೇ ಸಿಕ್ಕಿಬೀಳುತ್ತಾರೆ. ನಡೆಯುವಾಗ ನೋವಿಲ್ಲದಿರಬೇಕು, ಆ ನಾಣ್ಯದಷ್ಟು ಜಾಗವನ್ನು ಗಟ್ಟಿಯಾಗಿ ಒತ್ತಿದರೂ ನೋವಿಲ್ಲದಿರಬೇಕು. ಇವೆರಡೂ ಆಗಿ, ವೈದ್ಯರು ಕೊಟ್ಟ ಅವಧಿಯೂ ಮುಗಿದ ಮೇಲೆ ದಿನ ಬಿಟ್ಟು ದಿನ ಆರಂಭಿಸಿರಿ: ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ನಿಧಾನ ಓಟ, ಹೀಗೆ ಅರ್ಧ ಗಂಟೆ. ಅದರಲ್ಲಿ ತೊಂದರೆ ಬರದಿದ್ದರೆ ಮುಂದಿನ ವಾರ ಓಟವನ್ನು ಎರಡು ನಿಮಿಷಕ್ಕೆ ಏರಿಸಿ, ನಡಿಗೆಯನ್ನು ಮೂರಕ್ಕೆ ಇಳಿಸಿರಿ. ವೇಗದ ಸುತ್ತುಗಳನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಿರಿ. ಅದೇ ಜಾಗದಲ್ಲಿ ಚೂರು ನೋವು ಬಂದರೂ ಅಂದಿನ ಓಟ ನಿಲ್ಲಿಸಿ, ನೋವು ಹೋದ ಮೇಲೆ ಹಿಂದಿನ ಹಂತದಿಂದ ಶುರು ಮಾಡಿರಿ.

ಗದಗದ ಹವ್ಯಾಸಿ ಓಟಗಾರ
ಅಲ್ಲಿಯವರೆಗೆ ಸೈಕಲ್ ತುಳಿಯಲಿ ಎಂದಾದರೂ ಹೇಳಬಹುದೇ?

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್
ನೋವಿಲ್ಲದೆ ತುಳಿಯಲಾದರೆ ತುಳಿಯಲಿ, ಈಜು ಬಂದರೆ ಇನ್ನೂ ಒಳ್ಳೆಯದು. ನೀವು ಚಿಂತಿಸಿದ ಉಸಿರಿನ ಪಳಗಿಕೆ ಅದರಲ್ಲಿ ಬಹುಪಾಲು ಉಳಿಯುತ್ತದೆ.

ಧಾರವಾಡದ ದೈಹಿಕ ಶಿಕ್ಷಣ ಶಿಕ್ಷಕಿ
ದಿನಾಂಕದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಪರೀಕ್ಷೆ ಆರನೆಯ ವಾರಕ್ಕೆ ಬಂದರೆ, ಅಭ್ಯಾಸವಿಲ್ಲದೆಯೇ ಆ ಒಂದು ದಿನ ಮಾತ್ರ ಓಡಿ ಪಾಸಾದವರನ್ನು ನಾನು ಕಂಡಿದ್ದೇನೆ. ಹಾಗೆ ಓಡಿ, ಕೊನೆಯ ಸುತ್ತಿನಲ್ಲಿ ಕಾಲು ಹಿಡಿದು ಕುಳಿತವರನ್ನೂ ಕಂಡಿದ್ದೇನೆ. ಓಡಿರಿ ಎಂದೂ ಬೇಡ ಎಂದೂ ನಾನು ಹೇಳಲಾರೆ. ದಿನಾಂಕ ಪ್ರಕಟವಾದ ಕೂಡಲೇ ಎಂಆರ್‌ಐ ಚಿತ್ರಗಳನ್ನು ಹಿಡಿದು ಅದೇ ವೈದ್ಯರ ಬಳಿ ಹೋಗಿ, ಆ ವಾರದಲ್ಲಿ ಎಲುಬು ಹೇಗಿದೆ ಎಂಬುದನ್ನು ನೋಡಿಸಿಕೊಂಡೇ ನಿರ್ಧರಿಸಿರಿ. ಮುಂದಿನ ಅಧಿಸೂಚನೆಗೆ ನಿಮ್ಮ ವಯಸ್ಸು ಮೀರುತ್ತದೆಯೇ?

ಕೇಳಿದವರು
ಇಲ್ಲ, ಇನ್ನೂ ಎರಡು ವರ್ಷ ಇದೆ.