ಮೋಡದ ದಿನಗಳಲ್ಲಿ ತುಂಬದ ಸೋಲಾರ್ ಬ್ಯಾಟರಿ: ಸೆಟ್ಟಿಂಗ್ ಬದಲಿಸಬೇಕೆ, ಪ್ಯಾನೆಲ್ ಹೆಚ್ಚಿಸಬೇಕೆ?

ಆಳಂದದ ಓದುಗ: ನಮ್ಮ ತೋಟದ ಮನೆಯಲ್ಲಿ 150 ವ್ಯಾಟಿನ ಒಂದು ಪ್ಯಾನೆಲ್, 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿ ಮತ್ತು 10 ಆಂಪಿಯರ್ ಪಿಡಬ್ಲ್ಯುಎಂ ಕಂಟ್ರೋಲರ್ ಇವೆ. ಸಂಜೆ 9 ವ್ಯಾಟಿನ ಮೂರು ಬಲ್ಬುಗಳು ಐದು ಗಂಟೆ, ರಾತ್ರಿ 30 ವ್ಯಾಟಿನ ಡಿಸಿ ಫ್ಯಾನ್ ಏಳು ಗಂಟೆ ನಡೆಯುತ್ತವೆ. ಬೇಸಿಗೆಯಲ್ಲಿ ತೊಂದರೆಯಿಲ್ಲ. ಮಳೆಗಾಲದಲ್ಲಿ ಮೋಡ ಹಿಡಿದರೆ ನಾಲ್ಕೈದು ದಿನದಲ್ಲಿ ಎಲ್ಲವೂ ಆಫ್ ಆಗುತ್ತದೆ, ಬಿಸಿಲು ಬಂದ ಮೇಲೂ ವಾರಗಟ್ಟಲೆ ಸುಧಾರಿಸುವುದಿಲ್ಲ. ಕಂಟ್ರೋಲರ್ ಸೆಟ್ಟಿಂಗ್ ತಪ್ಪಿದೆಯೆ?

ಸುರಪುರದ ಬಳಕೆದಾರ: ಅಣ್ಣಾವ್ರೇ, ಬೂಸ್ಟ್ ವೋಲ್ಟೇಜನ್ನು 14.8ಕ್ಕೆ ಏರಿಸಿ. ಅನೇಕರು ಕಂಟ್ರೋಲರನ್ನು ಜೆಲ್ ಬ್ಯಾಟರಿಯ ಸೆಟ್ಟಿಂಗಿನಲ್ಲಿಯೇ ಬಿಟ್ಟಿರುತ್ತಾರೆ. ಅದು 14.1ರ ಆಸುಪಾಸಿನಲ್ಲಿಯೇ ಕರೆಂಟನ್ನು ತಗ್ಗಿಸುವುದರಿಂದ ನೀರು ಹಾಕುವ ಟ್ಯೂಬುಲರ್ ಬ್ಯಾಟರಿ ಪೂರ್ತಿ ತುಂಬುವುದಿಲ್ಲ.

ಕಲಬುರಗಿಯ ಗೃಹಿಣಿ: ನಮ್ಮ ಇನ್ವರ್ಟರ್ ಬ್ಯಾಟರಿಯೂ ಹೀಗೆಯೇ ಆಗಿತ್ತು. ಡಿಸ್ಟಿಲ್ಡ್ ವಾಟರ್ ಹಾಕಿಸಿದ ಮೇಲೆ ಸರಿಯಾಯಿತು.

ಭಾಲ್ಕಿಯ ಸೋಲಾರ್ ಮೆಕ್ಯಾನಿಕ್: ಅಕ್ಕಾವ್ರೇ, ನಿಮ್ಮ ಇನ್ವರ್ಟರಿಗೆ ಜೆಸ್ಕಾಂ ಕರೆಂಟಿನಿಂದ ಚಾರ್ಜ್ ಸಿಗುತ್ತದೆ, ಮೋಡಕ್ಕೂ ಅದಕ್ಕೂ ಸಂಬಂಧವಿಲ್ಲ. ಸುರಪುರದವರು ಹೇಳಿದ ದೋಷ ಇರುವುದು ನಿಜ, ಆದರೆ ಅದು ಇಲ್ಲಿಯೂ ಇದೆಯೆ ಎಂಬುದನ್ನು ಮೊದಲು ನೋಡಬೇಕು. ಮೋಡದ ದಿನ ಸಂಜೆ ನಾಲ್ಕಕ್ಕೆ ಕಂಟ್ರೋಲರ್ ಎಷ್ಟು ವೋಲ್ಟ್ ತೋರಿಸುತ್ತದೆ?

ಆಳಂದದ ಓದುಗ: 12.9 ದಾಟುವುದಿಲ್ಲ.

ಭಾಲ್ಕಿಯ ಸೋಲಾರ್ ಮೆಕ್ಯಾನಿಕ್: ಹಾಗಾದರೆ ಈ ತೊಂದರೆಗೆ ಸೆಟ್ಟಿಂಗ್ ಕಾರಣವಲ್ಲ. ಕಂಟ್ರೋಲರ್ ಕರೆಂಟನ್ನು ತಡೆಯುವುದು ವೋಲ್ಟೇಜ್ ಮಿತಿಗೆ ಮುಟ್ಟಿದಾಗ ಮಾತ್ರ. 12.9ರಲ್ಲಿ ಅದು ಪ್ಯಾನೆಲ್ ಕೊಟ್ಟಿದ್ದೆಲ್ಲವನ್ನೂ ಬ್ಯಾಟರಿಗೆ ಬಿಡುತ್ತಿದೆ, ಆದ್ದರಿಂದ ಮಿತಿಯನ್ನು 14.8ಕ್ಕೆ ಒಯ್ದರೂ ಒಂದು ಆಂಪಿಯರ್ ಕೂಡ ಹೆಚ್ಚುವುದಿಲ್ಲ. ಬಿಸಿಲಿನ ದಿನಗಳಲ್ಲಿ ವೋಲ್ಟೇಜ್ 14.1ಕ್ಕೆ ಏರಿ ಕರೆಂಟ್ ತಗ್ಗಿದರೂ, ಬ್ಯಾಟರಿಯ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.240ಕ್ಕಿಂತ ಕೆಳಗೇ ನಿಂತರೆ, ಆಗ ಸುರಪುರದವರ ಮಾತು ಸರಿ. ಆಗಲೂ ದಿನನಿತ್ಯಕ್ಕೆ 14.4ರಿಂದ 14.6 ಸಾಕು.

ಈಗ ಲೆಕ್ಕ ನೋಡೋಣ. ನಿಮ್ಮ ಬಳಕೆ ದಿನಕ್ಕೆ ಸುಮಾರು 29 ಎಎಚ್. ನಿಮ್ಮ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ 8 ಆಂಪಿಯರಿನಂತೆ ಐದು ಗಂಟೆ ಕೊಟ್ಟರೆ 40 ಎಎಚ್ ಆಗುತ್ತದೆ, ಅದರಲ್ಲಿ ಬ್ಯಾಟರಿಯಿಂದ ಮರಳಿ ಸಿಗುವುದು ಸುಮಾರು 34. ಉಳಿತಾಯ ಬರೀ 5. ದಟ್ಟ ಮೋಡದಲ್ಲಿ ಇಡೀ ಹಗಲು ಸೇರಿ ಎರಡು ಗಂಟೆಯ ಬಿಸಿಲಿಗೆ ಸಮನಾದ ಬೆಳಕು ಸಿಕ್ಕಿತೆಂದರೂ 13 ಎಎಚ್ ಮಾತ್ರ ಬರುತ್ತದೆ, ದಿನಕ್ಕೆ 16ರ ಕೊರತೆ ಬೀಳುತ್ತದೆ. ಬ್ಯಾಟರಿಯ ಅರ್ಧ, ಅಂದರೆ 75 ಎಎಚ್, ನಾಲ್ಕೈದು ದಿನದಲ್ಲಿ ಮುಗಿಯುತ್ತದೆ. ಅದನ್ನು ದಿನಕ್ಕೆ 5ರಂತೆ ತುಂಬಲು ಹದಿನೈದು ದಿನದ ಸತತ ಬಿಸಿಲು ಬೇಕು, ಶ್ರಾವಣದಲ್ಲಿ ಅಷ್ಟು ದಿನ ಎಲ್ಲಿ ಸಿಗುತ್ತದೆ? ಹೀಗೆ ಅರೆತುಂಬಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಅದರ ಸಾಮರ್ಥ್ಯವೇ ಕುಗ್ಗುತ್ತದೆ.

ಅಂಥದ್ದೇ ಇನ್ನೊಂದು ಪ್ಯಾನೆಲನ್ನು ಪ್ಯಾರಲಲ್ ಜೋಡಿಸಿದರೆ ಮೋಡದಲ್ಲಿ ಸುಮಾರು 27 ಬರುತ್ತದೆ, ಖರ್ಚಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ, ಬಿಸಿಲು ಬಂದರೆ ಎರಡೇ ದಿನದಲ್ಲಿ ಬಾಕಿ ತೀರುತ್ತದೆ. ಆದರೆ ಎರಡೂ ಸೇರಿ 17 ಆಂಪಿಯರ್ ಮುಟ್ಟುವುದರಿಂದ ಈಗಿನ ಕಂಟ್ರೋಲರ್ ತಾಳುವುದಿಲ್ಲ. ಕನಿಷ್ಠ 20ರದ್ದು, ಸಾಧ್ಯವಾದರೆ 30ರದ್ದು ಹಾಕಿಸಿ.

ಹುಮನಾಬಾದಿನ ಓದುಗ: ಅದಕ್ಕಿಂತ 335 ವ್ಯಾಟಿನ ಒಂದೇ ದೊಡ್ಡ ಪ್ಯಾನೆಲ್ ಹಾಕಿದರೆ ಆಗದೆ? ವ್ಯಾಟಿನ ಲೆಕ್ಕದಲ್ಲಿ ಅದೇ ಅಗ್ಗ.

ಭಾಲ್ಕಿಯ ಸೋಲಾರ್ ಮೆಕ್ಯಾನಿಕ್: ಪಿಡಬ್ಲ್ಯುಎಂ ಕಂಟ್ರೋಲರಿನಲ್ಲಿ ಆಗದು. ಆ ಪ್ಯಾನೆಲಿನ ವೋಲ್ಟೇಜ್ ಮಾತ್ರ ಹೆಚ್ಚು, ಕರೆಂಟ್ ಸುಮಾರು 9 ಆಂಪಿಯರ್ ಅಷ್ಟೆ. ಈ ಕಂಟ್ರೋಲರ್ ಹೆಚ್ಚಿನ ವೋಲ್ಟೇಜನ್ನು ಕರೆಂಟಾಗಿ ಬದಲಿಸುವುದಿಲ್ಲವಾದ್ದರಿಂದ, 335ಕ್ಕೆ ಹಣ ಕೊಟ್ಟು 150ರ ಕೆಲಸ ಪಡೆದಂತಾಗುತ್ತದೆ. ಆ ಪ್ಯಾನೆಲಿನ ವೋಲ್ಟೇಜ್ ತಾಳಿ ಹೆಚ್ಚಿನದನ್ನು ಕರೆಂಟಾಗಿ ಬದಲಿಸುವ, 30 ಆಂಪಿಯರಿನ ಎಂಪಿಪಿಟಿ ಕಂಟ್ರೋಲರ್ ಇದ್ದರೆ ಮಾತು ಬೇರೆ.

ಹುಮನಾಬಾದಿನ ಓದುಗ: ಎಂಪಿಪಿಟಿಯ ಬೆಲೆ ಸೇರಿಸಿದರೂ ಮುಂದೆ ಟಿವಿ ಹಾಕುವವರಿಗೆ ಅದೇ ಲೇಸೆಂದು ನನ್ನ ಅಭಿಪ್ರಾಯ.

ಭಾಲ್ಕಿಯ ಸೋಲಾರ್ ಮೆಕ್ಯಾನಿಕ್: ಇರಬಹುದು. ಹಳ್ಳಿಯಲ್ಲಿ ಕೆಟ್ಟರೆ ಬದಲಿ ಎಲ್ಲಿ ಸಿಗುತ್ತದೆ ಎಂಬುದನ್ನು ನೋಡಿಕೊಂಡು ನಿರ್ಧರಿಸಿ. ಅಲ್ಲಿಯವರೆಗೆ ಲೋಡ್ ಕಟ್ ಆಗುವ ವೋಲ್ಟೇಜನ್ನು 10.8ರಿಂದ 11.6ಕ್ಕೆ ಏರಿಸಿ, ಬ್ಯಾಟರಿ ಪೂರ್ತಿ ಬತ್ತುವುದು ತಪ್ಪುತ್ತದೆ.

ಆಳಂದದ ಓದುಗ: 11.6 ಇಟ್ಟರೆ ಮಕ್ಕಳು ಓದುವ ಹೊತ್ತಿಗೇ ದೀಪ ಆರುತ್ತದಲ್ಲ?

ಸುರಪುರದ ಬಳಕೆದಾರ: ನಾನಾಗಿದ್ದರೆ 11.2 ಇಡುತ್ತಿದ್ದೆ.

ಭಾಲ್ಕಿಯ ಸೋಲಾರ್ ಮೆಕ್ಯಾನಿಕ್: ನಾನು ಒಪ್ಪುವುದಿಲ್ಲ. 29ರಲ್ಲಿ 17 ಎಎಚ್ ತಿನ್ನುವುದು ಫ್ಯಾನ್. ಮೋಡ ಹಿಡಿದ ರಾತ್ರಿ ಅದನ್ನು ನಿಲ್ಲಿಸಿದರೆ ಬಲ್ಬುಗಳಿಗೆ 12 ಸಾಕು, ಆ ದಿನದ ಮೋಡದ ಬೆಳಕೇ ಅಷ್ಟನ್ನು ಕೊಡುತ್ತದೆ.